ಒಂದೇ ವಾಕ್ಯಕ್ಕೆ ಎರಡು ಅರ್ಥ: ದೋಷ ಹುಡುಕುವ ಮತ್ತು ತೆಗೆಯುವ ಕ್ರಮ

ಕಾಗುಣಿತ ಸರಿ, ವ್ಯಾಕರಣ ಸರಿ, ಪದಗಳಲ್ಲಿ ಕಷ್ಟವಾದದ್ದು ಒಂದೂ ಇಲ್ಲ. ಆದರೂ ಒಂದೇ ವಾಕ್ಯವನ್ನು ಓದಿದ ಇಬ್ಬರು ಎರಡು ಬೇರೆ ಅರ್ಥ ಮಾಡಿಕೊಂಡು ಹೋಗುತ್ತಾರೆ. ಪ್ರಕಟಣೆ, ಸುತ್ತೋಲೆ, ಸುದ್ದಿ, ಪ್ರಶ್ನೆಪತ್ರಿಕೆಗಳನ್ನು ಬರೆಯುವವರಿಗೂ ತಿದ್ದುವವರಿಗೂ ಈ ದೋಷ ದಿನವೂ ಎದುರಾಗುತ್ತದೆ. ಇದನ್ನು ಪತ್ತೆಹಚ್ಚುವುದು ಹೇಗೆ, ಪದ ಸ್ಥಳ ಬದಲಿಸಿದರೆ ಸಾಕೇ, ಅಲ್ಪವಿರಾಮ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು: ದೋಷ ಪದದಲ್ಲೋ ಜೋಡಣೆಯಲ್ಲೋ?

"ಹತ್ತು" ಎಂದರೆ ಸಂಖ್ಯೆಯೂ ಹೌದು, ಏರು ಎಂಬ ಕ್ರಿಯೆಯೂ ಹೌದು. ಇಂಥ ಕಡೆ ದೋಷವಿರುವುದು ಪದದಲ್ಲಿ. ಪರೀಕ್ಷೆ ಸುಲಭ: ಅನುಮಾನ ಬಂದ ಪದ ತೆಗೆದು ಅದೇ ಅರ್ಥದ ಬೇರೆ ಪದ ಹಾಕಿ ನೋಡಿ. ಗೊಂದಲ ಹೋದರೆ ಅದು ಪದದ ದೋಷ, ಕೆಲಸ ಅಲ್ಲಿಗೆ ಮುಗಿಯಿತು. ಯಾವ ಪದ ಬದಲಿಸಿದರೂ ಎರಡು ಅರ್ಥ ಹಾಗೇ ಉಳಿದರೆ ಅದು ಜೋಡಣೆಯ ದೋಷ. "ಹಳೆಯ ಪುಸ್ತಕದ ಅಂಗಡಿ" ಎಂಬಲ್ಲಿ "ಹಳೆಯ" ತೆಗೆದು "ಪುರಾತನ" ಹಾಕಿ, "ಅಂಗಡಿ" ತೆಗೆದು "ಮಳಿಗೆ" ಹಾಕಿ; ಹಳತಾದದ್ದು ಪುಸ್ತಕವೋ ಅಂಗಡಿಯೋ ಎಂಬ ಪ್ರಶ್ನೆ ಅಲ್ಲೇ ಇರುತ್ತದೆ.

ಕನ್ನಡದಲ್ಲಿ ಬಿರುಕು ಬೀಳುವ ಜಾಗ

ಹಿಂದಿಯ "ರೋಕೋ ಮತ್ ಜಾನೇ ದೋ" ಎಂಬ ಉದಾಹರಣೆ ಎಲ್ಲರಿಗೂ ಗೊತ್ತು. ಅಲ್ಪವಿರಾಮ ಒಂದು ಪದ ಆಚೀಚೆ ಆದರೆ ತಡೆಯಬೇಡ ಎಂಬುದು ತಡೆ ಎಂದಾಗುತ್ತದೆ. ಕನ್ನಡಕ್ಕೆ ಈ ತಮಾಷೆ ಒಗ್ಗುವುದಿಲ್ಲ. ನಮ್ಮಲ್ಲಿ ನಿಷೇಧ ಕ್ರಿಯಾಪದಕ್ಕೇ ಅಂಟಿಕೊಂಡಿರುತ್ತದೆ: "ತಡೆಯಬೇಡ ಹೋಗಲು ಬಿಡು" ಎಂಬುದರಲ್ಲಿ ವಿರಾಮವನ್ನು ಎಲ್ಲಿಟ್ಟರೂ "ಬೇಡ" ಪಕ್ಕದ ಕ್ರಿಯೆಗೆ ಜಾರುವುದಿಲ್ಲ. ಹಾಗಾಗಿ ಬೇರೆ ಭಾಷೆಗೆ ಮಾಡಿದ ತಪ್ಪುಪಟ್ಟಿ ಹಿಡಿದು ಕನ್ನಡ ವಾಕ್ಯ ತಿದ್ದಲು ಕೂತರೆ ನಿಜವಾದ ದೋಷ ಕಣ್ಣು ತಪ್ಪಿಸಿಕೊಳ್ಳುತ್ತದೆ.

ನಮ್ಮಲ್ಲಿ ದೋಷ ಹುಟ್ಟುವುದು ಹೆಚ್ಚಾಗಿ ಕೃದಂತದ ಸುತ್ತ, ಎಂದರೆ ಕ್ರಿಯೆಯಿಂದ ಹುಟ್ಟಿದ "ಬಂದ", "ಬಂದು" ಮೊದಲಾದ ರೂಪಗಳ ಸುತ್ತ. ದೊಡ್ಡ ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು ಸಣ್ಣ ವಾಕ್ಯ ಸೇರಿಸುವಾಗ ಕನ್ನಡ ಆ ಒಳವಾಕ್ಯದ ಕೊನೆಯನ್ನು ಮಾತ್ರ ಗುರುತು ಮಾಡುತ್ತದೆ. "ಬಂದ", "ಬರುವ", "ಬಾರದ", "ಬಂದು", "ಬರುತ್ತಾ", "ಬಂದನೆಂದು" – ಇವೆಲ್ಲ ಒಳವಾಕ್ಯ ಇಲ್ಲಿಗೆ ಮುಗಿಯಿತು ಎಂದು ಹೇಳುವ ಗುರುತುಗಳು. ಅದು ಶುರುವಾದದ್ದು ಎಲ್ಲಿಂದ ಎಂದು ಹೇಳುವ ಗುರುತು ಇಲ್ಲ. ಆವರಣ ಚಿಹ್ನೆಯಲ್ಲಿ ಮುಚ್ಚುವ ಭಾಗವಿದ್ದು ತೆರೆಯುವ ಭಾಗವೇ ಇಲ್ಲದಂತೆ.

ಎರಡನೆಯ ತೊಂದರೆ ಬಲಗಡೆ. "ಬಂದ ಹುಡುಗ", "ಬಂದ ಹುಡುಗಿ", "ಬಂದ ಹುಡುಗರು" – ಮೂರರಲ್ಲೂ "ಬಂದ" ಒಂದೇ. ಸಂಸ್ಕೃತದಲ್ಲಾದರೆ ವಿಶೇಷಣಕ್ಕೂ ವಿಶೇಷ್ಯದ ಲಿಂಗ, ವಚನ, ವಿಭಕ್ತಿ ಬರುವುದರಿಂದ ಯಾವುದು ಯಾವುದಕ್ಕೆ ಸೇರಿದ್ದು ಎಂದು ಬಹಳಷ್ಟು ಕಡೆ ತಾನಾಗಿ ತಿಳಿಯುತ್ತದೆ. ಕನ್ನಡದ ಕೃದಂತ ವಿಶೇಷಣಕ್ಕೆ ಆ ಗುರುತಿಲ್ಲ. ಮುಂದೆ ಎರಡು ನಾಮಪದಗಳಿದ್ದರೆ ಅದು ಯಾವುದನ್ನು ಹಿಡಿದುಕೊಂಡಿದೆ ಎಂಬುದು ಓದುಗನ ಊಹೆಗೆ ಬಿಟ್ಟದ್ದು.

ಆದ್ದರಿಂದ ಪರಿಶೀಲನೆಯ ಕ್ರಮ ಹೀಗೆ: ವಾಕ್ಯದಲ್ಲಿರುವ ಪ್ರತಿ ಕೃದಂತಕ್ಕೂ, ಪ್ರತಿ "ಎಂದು"ವಿಗೂ ಕೆಳಗೆ ಗೆರೆ ಎಳೆಯಿರಿ. ಒಂದೊಂದರ ಬಳಿಯೂ ನಿಂತು ಎರಡು ಪ್ರಶ್ನೆ ಕೇಳಿ. ಎಡಗಡೆಯ ಯಾವ ಪದದಿಂದ ಇದು ಶುರುವಾಯಿತು? ಬಲಗಡೆಯ ಯಾವ ಪದಕ್ಕೆ ಇದು ಸೇರುತ್ತದೆ? ಎರಡರಲ್ಲಿ ಯಾವುದಕ್ಕಾದರೂ ಎರಡು ಉತ್ತರ ಬಂದರೆ ದೋಷ ಸಿಕ್ಕಿತು.

ಎಡಗಡೆಯ ದೋಷ

"ತಾಯಿ ಅಳುತ್ತಾ ಓಡಿ ಬಂದ ಮಗುವನ್ನು ಎತ್ತಿಕೊಂಡಳು." ಅಳುತ್ತಿದ್ದವರು ಯಾರು? "ಬಂದ" ಎಂಬಲ್ಲಿ ಒಳವಾಕ್ಯ ಮುಗಿಯುತ್ತದೆ. ಅದು "ಅಳುತ್ತಾ"ದಿಂದ ಶುರುವಾದರೆ ಅತ್ತದ್ದು ಮಗು. "ಓಡಿ"ಯಿಂದ ಶುರುವಾದರೆ ಅತ್ತದ್ದು ತಾಯಿ.

ಇದಕ್ಕೆ ಅತಿ ಗಟ್ಟಿಯಾದ ದುರಸ್ತಿ ಎಂದರೆ ಒಳವಾಕ್ಯವನ್ನು ಇಡೀ ವಾಕ್ಯದ ಮೊದಲಿಗೆ ತರುವುದು. ಆಗ ವಾಕ್ಯದ ಆರಂಭವೇ ಒಳವಾಕ್ಯದ ಆರಂಭವೂ ಆಗುತ್ತದೆ. ಇಲ್ಲದ ಗುರುತನ್ನು ಸ್ಥಳವೇ ಒದಗಿಸುತ್ತದೆ. "ಅಳುತ್ತಾ ಓಡಿ ಬಂದ ಮಗುವನ್ನು ತಾಯಿ ಎತ್ತಿಕೊಂಡಳು." ಅತ್ತದ್ದು ತಾಯಿಯಾದರೆ "ಅಳುತ್ತಾ" ಎಂಬುದನ್ನು ಒಳವಾಕ್ಯದ ಆಚೆಗೆ, ಮುಖ್ಯ ಕ್ರಿಯಾಪದದ ಪಕ್ಕಕ್ಕೆ ಸರಿಸಿ: "ಓಡಿ ಬಂದ ಮಗುವನ್ನು ತಾಯಿ ಅಳುತ್ತಾ ಎತ್ತಿಕೊಂಡಳು." ಎರಡೂ ವಾಕ್ಯಗಳಿಗೆ ಒಂದೂ ಅಲ್ಪವಿರಾಮ ಬೇಕಾಗಲಿಲ್ಲ.

ಸ್ಥಳ ಬದಲಿಸದೆ ಬರೀ ವಿರಾಮ ಹಾಕಿದರೆ? "ತಾಯಿ ಅಳುತ್ತಾ, ಓಡಿ ಬಂದ ಮಗುವನ್ನು ಎತ್ತಿಕೊಂಡಳು" ಎಂದರೆ ತಾಯಿ ಅತ್ತದ್ದು ಸ್ಪಷ್ಟ. ಆದರೆ "ತಾಯಿ, ಅಳುತ್ತಾ ಓಡಿ ಬಂದ ಮಗುವನ್ನು ಎತ್ತಿಕೊಂಡಳು" ಎಂದು ಬರೆದರೆ ಹೊಸ ತೊಂದರೆ. ಕರ್ತೃಪದದ ಮುಂದೆ ಅಲ್ಪವಿರಾಮ ಕಂಡೊಡನೆ ಕನ್ನಡದ ಓದುಗ ಅದನ್ನು ಸಂಬೋಧನೆ ಎಂದುಕೊಳ್ಳುತ್ತಾನೆ: ಯಾರೋ ತಾಯಿಯನ್ನು ಕರೆದು, ಇನ್ಯಾರೋ ಮಗುವನ್ನು ಎತ್ತಿಕೊಂಡ ಸಂಗತಿ ಹೇಳುತ್ತಿದ್ದಾರೆ ಎಂದು. ಒಂದು ದೋಷ ತೆಗೆಯಲು ಹೋಗಿ ಇನ್ನೊಂದನ್ನು ಹಾಕಿದಂತಾಯಿತು. ಕರ್ತೃವಿನ ಪಕ್ಕದಲ್ಲಿ ವಿರಾಮ ಹಾಕುವ ಆಸೆ ಬಂದಾಗಲೆಲ್ಲ ಕರ್ತೃವನ್ನೇ ಮುಖ್ಯ ಕ್ರಿಯಾಪದದ ಹತ್ತಿರಕ್ಕೆ ಒಯ್ಯುವುದು ಮೇಲು.

ಇದೇ ದೋಷ "ಎಂದು" ಇರುವಲ್ಲಿ ಇನ್ನೂ ಹೆಚ್ಚು. ಮಳೆಗಾಲದ ಒಂದು ಪ್ರಕಟಣೆ ನೋಡಿ: "ಜಿಲ್ಲಾಧಿಕಾರಿಗಳು ಸೋಮವಾರ ಶಾಲೆಗಳಿಗೆ ರಜೆ ಇರುತ್ತದೆ ಎಂದು ತಿಳಿಸಿದ್ದಾರೆ." ಸೋಮವಾರ ತಿಳಿಸಿದರೋ, ಸೋಮವಾರ ರಜೆಯೋ? "ಎಂದು" ಹೇಳಿಕೆಯ ಕೊನೆಯನ್ನಷ್ಟೇ ತೋರಿಸುತ್ತದೆ. ರಜೆ ಸೋಮವಾರವಾದರೆ: "ಸೋಮವಾರ ಶಾಲೆಗಳಿಗೆ ರಜೆ ಇರುತ್ತದೆ ಎಂದು ಜಿಲ್ಲಾಧಿಕಾರಿಗಳು ತಿಳಿಸಿದ್ದಾರೆ." ತಿಳಿಸಿದ್ದು ಸೋಮವಾರವಾದರೆ: "ಶಾಲೆಗಳಿಗೆ ರಜೆ ಇರುತ್ತದೆ ಎಂದು ಜಿಲ್ಲಾಧಿಕಾರಿಗಳು ಸೋಮವಾರ ತಿಳಿಸಿದ್ದಾರೆ" – ಆದರೆ ಆಗ ರಜೆ ಯಾವತ್ತು ಎಂಬ ಮಾಹಿತಿಯೇ ವಾಕ್ಯದಲ್ಲಿ ಇಲ್ಲ ಎಂಬುದು ಬೆಳಕಿಗೆ ಬರುತ್ತದೆ. ಗೊಂದಲದ ವಾಕ್ಯಗಳು ಇಂಥ ಕೊರತೆಯನ್ನು ಮುಚ್ಚಿಟ್ಟುಕೊಂಡಿರುವುದು ಅಪರೂಪವಲ್ಲ. ಹೇಳಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೂ ಆರಂಭ ಗೊತ್ತಾಗುತ್ತದೆ. ಆದರೆ ಉದ್ಧರಣ ಚಿಹ್ನೆ ಹಾಕಿದ ಮೇಲೆ ಒಳಗಿನದು ಅವರು ಆಡಿದ ಮಾತೇ ಆಗಿರಬೇಕು. ಸಾರಾಂಶ ಬರೆಯುವಾಗ ಆ ದಾರಿ ಇಲ್ಲ.

ಬಲಗಡೆಯ ದೋಷ

"ನಿನ್ನೆ ಬಂದ ರಮೇಶನ ತಂಗಿ." ಬಂದದ್ದು ರಮೇಶನೋ ತಂಗಿಯೋ? ಕೃದಂತದ ಮುಂದೆ ಷಷ್ಠಿ ವಿಭಕ್ತಿಯ ಪದ ಬಂದರೆ ಸಾಕು, ಈ ದೋಷ ಹುಟ್ಟುತ್ತದೆ.

ಬರೆದವರಿಗೆ ಇದು ಕಾಣದಿರಲು ಕಾರಣವಿದೆ. "ನಿನ್ನೆ ಬಂದ ಮೈಸೂರಿನ ತಂಗಿ" ಎಂಬುದಕ್ಕೂ ಜೋಡಣೆ ಅದೇ, ಆದರೆ ಮೈಸೂರು ಎದ್ದು ಬರುವುದಿಲ್ಲವಾದ್ದರಿಂದ ಒಂದೇ ಅರ್ಥ ಉಳಿಯುತ್ತದೆ. ಸಂದರ್ಭ ಗೊತ್ತಿದ್ದವರಿಗೆ ರಮೇಶನೂ ಮೈಸೂರಿನಂತೆಯೇ. ಅವನು ಬರಲಿಲ್ಲ ಎಂದು ಅವರಿಗೆ ಮೊದಲೇ ತಿಳಿದಿದೆ. ಅದಕ್ಕೇ ಅನುಮಾನವಿರುವ ವಾಕ್ಯವನ್ನು ಸಂದರ್ಭ ಗೊತ್ತಿಲ್ಲದವರಿಗೆ ಕೊಟ್ಟು "ಅರ್ಥವಾಯಿತೇ?" ಎಂದು ಕೇಳಬಾರದು, ಎಲ್ಲರೂ ಹೌದು ಎನ್ನುತ್ತಾರೆ. "ಯಾರು ಬಂದರು?" ಎಂದು ಕೇಳಬೇಕು.

ಇಲ್ಲಿ ಅಲ್ಪವಿರಾಮ ಅರ್ಧ ಮಾತ್ರ ಕೆಲಸ ಮಾಡುತ್ತದೆ. "ನಿನ್ನೆ ಬಂದ, ರಮೇಶನ ತಂಗಿ" ಎಂದರೆ ತಂಗಿ ಬಂದಳು ಎಂಬ ಕಡೆಗೆ ವಾಲುತ್ತದೆ, ಆದರೆ ಮೈಕಿನಲ್ಲಿ ಓದಿದರೆ ಆ ವಿರಾಮ ಕೇಳುವುದಿಲ್ಲ. ಇನ್ನೊಂದು ಅರ್ಥಕ್ಕಂತೂ ವಿರಾಮ ಹಾಕುವ ಜಾಗವೇ ಇಲ್ಲ: "ರಮೇಶನ" ಮತ್ತು "ತಂಗಿ" ನಡುವೆ ಅಲ್ಪವಿರಾಮ ಹಾಕಿದರೆ ವಾಕ್ಯವೇ ಮುರಿಯುತ್ತದೆ. ಪದ ಅದಲು ಬದಲು ಮಾಡಿ "ರಮೇಶನ ನಿನ್ನೆ ಬಂದ ತಂಗಿ" ಎಂದರೆ ಗೊಂದಲ ಹೋಗುತ್ತದೆ, ಆದರೆ ರಮೇಶನಿಗೆ ಇನ್ನೂ ತಂಗಿಯರಿದ್ದಾರೆ, ಅವರಲ್ಲಿ ನಿನ್ನೆ ಬಂದವಳು ಎಂಬ ಧ್ವನಿ ಸೇರಿಕೊಳ್ಳುತ್ತದೆ.

ಒಳ್ಳೆಯ ದುರಸ್ತಿ ಕೃದಂತಕ್ಕೇ ಲಿಂಗ ವಚನ ತೊಡಿಸುವುದು. "ಬಂದ" ಎಂಬುದಕ್ಕೆ ಇಲ್ಲದ ಗುರುತು "ಬಂದವನು, ಬಂದವಳು, ಬಂದವರು" ಎಂಬವಕ್ಕೆ ಇದೆ. "ರಮೇಶನ ತಂಗಿ, ನಿನ್ನೆ ಬಂದವಳು, ಇವತ್ತೇ ಹೊರಟಳು." ಬಂದವನು ರಮೇಶನಾದರೆ ವಾಕ್ಯ ಒಡೆಯುವುದೇ ಸರಿ: "ನಿನ್ನೆ ರಮೇಶ ಬಂದಿದ್ದ. ಅವನ ತಂಗಿ ಇವತ್ತು ಹೊರಟಳು."

ಹಳೆಯ ಪುಸ್ತಕದ ಅಂಗಡಿಯೂ ಇದೇ ಜಾತಿ. ಅಂಗಡಿ ಹಳೆಯದಾದರೆ "ಪುಸ್ತಕದ ಹಳೆಯ ಅಂಗಡಿ". ಪುಸ್ತಕ ಹಳೆಯದಾದರೆ "ಹಳೆಪುಸ್ತಕದ ಅಂಗಡಿ" ಎಂದು ಕೂಡಿಸಿ ಬರೆದರೆ ಸಾಕು. ಎರಡು ಪದಗಳ ನಡುವಿನ ಖಾಲಿ ಜಾಗವನ್ನು ತೆಗೆಯುವುದೂ ಒಂದು ಬಗೆಯ ವಿರಾಮಚಿಹ್ನೆಯೇ. ಇದನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ.

"ಹುಲಿ ಕೊಂದ ಬೇಟೆಗಾರ": ವಿರಾಮ ಏನೂ ಮಾಡಲಾಗದ ಕಡೆ

ಈ ಮೂರು ಪದಗಳಲ್ಲಿ ಮೂರು ಅರ್ಥಗಳಿವೆ. ಹುಲಿಯನ್ನು ಕೊಂದವನಾದ ಬೇಟೆಗಾರ. ಹುಲಿಯ ಬಾಯಿಗೆ ಸಿಕ್ಕಿ ಸತ್ತ ಬೇಟೆಗಾರ. ಮತ್ತು ಇದು ಪತ್ರಿಕೆಯ ತಲೆಬರಹವಾದರೆ, ಬೇಟೆಗಾರ ಹುಲಿಯನ್ನು ಕೊಂದ ಎಂಬ ಪೂರ್ಣ ವಾಕ್ಯ.

ಕಾರಣ ಎರಡು ಸಡಿಲಗಳು ಒಟ್ಟಿಗೆ ಸೇರಿದ್ದು. ನಪುಂಸಕಲಿಂಗದ ಕರ್ಮಪದಕ್ಕೆ "ಅನ್ನು" ಹಾಕದೆ ಬಿಡುವುದು ನಮ್ಮ ರೂಢಿ: ಕಾಫಿ ಕುಡಿದ, ಪುಸ್ತಕ ಓದಿದ. ಹಾಗಾಗಿ "ಹುಲಿ" ಕರ್ತೃವೂ ಆಗಬಹುದು, ಕರ್ಮವೂ ಆಗಬಹುದು. ಜೊತೆಗೆ ಕೃದಂತ ತನ್ನ ಮುಂದಿನ ನಾಮಪದ ಕೊಂದದ್ದೋ ಸತ್ತದ್ದೋ ಎಂದು ಹೇಳುವುದಿಲ್ಲ. ಮನುಷ್ಯವಾಚಕ ಪದಗಳಲ್ಲಿ ಈ ದೋಷ ಅಷ್ಟಾಗಿ ಬರುವುದಿಲ್ಲ. "ರಾಜು ಹೊಡೆದ ಹುಡುಗ" ಎಂದರೆ ಹೊಡೆದವನು ರಾಜುವೇ. ಪೆಟ್ಟು ತಿಂದವನು ರಾಜುವಾಗಿದ್ದರೆ "ರಾಜುಗೆ ಹೊಡೆದ" ಎಂದು ವಿಭಕ್ತಿ ಬಂದೇ ಬರುತ್ತಿತ್ತು. ಮೂರನೆಯ ಅರ್ಥ ಹುಟ್ಟಿದ್ದು "ಕೊಂದನು" ಎಂಬುದು ಮಾತಿನಲ್ಲೂ ತಲೆಬರಹದಲ್ಲೂ "ಕೊಂದ" ಎಂದು ಮೊಟಕಾಗಿ, ಕೃದಂತದಂತೆಯೇ ಕಾಣುವುದರಿಂದ. ಇದು ಪುಲ್ಲಿಂಗದ ಏಕವಚನಕ್ಕೆ ಮಾತ್ರ ಬರುವ ಕಾಯಿಲೆ: "ಹುಲಿ ಕೊಂದ ಮಹಿಳೆ" ಎಂಬುದಕ್ಕೆ ಎರಡೇ ಅರ್ಥ, ಏಕೆಂದರೆ ಪೂರ್ಣ ವಾಕ್ಯವಾಗಿದ್ದರೆ "ಕೊಂದಳು" ಎಂದಿರುತ್ತಿತ್ತು.

ಇಲ್ಲಿ ವಿಭಕ್ತಿಯೇ ಔಷಧ. "ಹುಲಿಯನ್ನು ಕೊಂದ ಬೇಟೆಗಾರ", ಇಲ್ಲವೇ "ಹುಲಿಗೆ ಬಲಿಯಾದ ಬೇಟೆಗಾರ". ತಲೆಬರಹದಲ್ಲಿ ಎರಡಕ್ಷರ ಉಳಿಸಲು "ಅನ್ನು" ಕತ್ತರಿಸುವವರು ಪ್ರಾಣಿ, ವಾಹನ, ಯಂತ್ರಗಳ ಹೆಸರಿದ್ದಾಗ ಕತ್ತರಿಸಬಾರದು. ಅವು ಕ್ರಿಯೆ ಮಾಡಲೂ ಬಲ್ಲವು, ಕ್ರಿಯೆಗೆ ಗುರಿಯಾಗಲೂ ಬಲ್ಲವು. ಕಾಫಿಗೆ ಆ ಅಪಾಯವಿಲ್ಲ.

ಕೊನೆಯ "ಇಲ್ಲ" ಯಾವುದನ್ನು ಅಲ್ಲಗಳೆಯುತ್ತದೆ?

"ವೈದ್ಯರು ಹೇಳಿದಂತೆ ರೋಗಿ ಔಷಧ ತೆಗೆದುಕೊಳ್ಳಲಿಲ್ಲ." ರೋಗಿ ಔಷಧ ತೆಗೆದುಕೊಳ್ಳಲಿಲ್ಲ ಎಂಬ ಸುದ್ದಿ ವೈದ್ಯರು ಕೊಟ್ಟದ್ದು ಎಂದು ಒಂದು ಅರ್ಥ. ತೆಗೆದುಕೊಂಡ, ಆದರೆ ಹೇಳಿದ ಕ್ರಮದಲ್ಲಲ್ಲ ಎಂದು ಎರಡನೆಯದು. ಬೇಡವೆಂದು ವೈದ್ಯರೇ ಹೇಳಿದ್ದರು, ಅದರಂತೆ ನಡೆದ ಎಂದು ಮೂರನೆಯದು. ಅಲ್ಪವಿರಾಮ ಹಾಕಿ "ವೈದ್ಯರು ಹೇಳಿದಂತೆ, ರೋಗಿ ಔಷಧ ತೆಗೆದುಕೊಳ್ಳಲಿಲ್ಲ" ಎಂದರೆ ಎರಡನೆಯ ಅರ್ಥ ಹೊರಬೀಳುತ್ತದೆ. ಒಂದು ಮತ್ತು ಮೂರು ಹಾಗೇ ಕೂತಿರುತ್ತವೆ.

ಕನ್ನಡದಲ್ಲಿ ಇದಕ್ಕೆ ತಕ್ಕ ಉಪಕರಣ "ಅಲ್ಲ". "ಇಲ್ಲ" ಇಡೀ ಕ್ರಿಯೆಯನ್ನು ಅಳಿಸುತ್ತದೆ. "ಅಲ್ಲ" ತನ್ನ ಹಿಂದಿನ ತುಂಡನ್ನಷ್ಟೇ ಅಳಿಸುತ್ತದೆ. ಎರಡನೆಯ ಅರ್ಥ ಬೇಕಾದರೆ ಕ್ರಿಯೆಯನ್ನು ನಾಮಪದ ಮಾಡಿ ಮುಂದೆ ತನ್ನಿ: "ರೋಗಿ ಔಷಧ ತೆಗೆದುಕೊಂಡದ್ದು ವೈದ್ಯರು ಹೇಳಿದಂತೆ ಅಲ್ಲ." ಹಾಗೆಯೇ "ಮಳೆ ಬಂತೆಂದು ರಜೆ ಕೊಡಲಿಲ್ಲ" ಎಂಬಲ್ಲಿ ರಜೆ ಕೊಟ್ಟದ್ದು ನಿಜ, ಕಾರಣ ಮಾತ್ರ ಬೇರೆ ಎನ್ನಬೇಕಿದ್ದರೆ "ರಜೆ ಕೊಟ್ಟದ್ದು ಮಳೆ ಬಂತೆಂದಲ್ಲ". ಮೊದಲನೆಯ, ಮೂರನೆಯ ಅರ್ಥಗಳಿಗೆ "ಅಂತೆ"ಯನ್ನೇ ಬಿಡಬೇಕು: "ರೋಗಿ ಔಷಧ ತೆಗೆದುಕೊಳ್ಳಲಿಲ್ಲ ಎಂದು ವೈದ್ಯರು ಹೇಳಿದರು", "ಬೇಡವೆಂದು ವೈದ್ಯರು ಹೇಳಿದ್ದರಿಂದ ರೋಗಿ ಔಷಧ ತೆಗೆದುಕೊಳ್ಳಲಿಲ್ಲ".

ಒಂದು ಪ್ರಕಟಣೆಯನ್ನು ಬಿಚ್ಚಿ ಜೋಡಿಸುವುದು

ಈಗ ದೋಷಗಳು ಒಂದರ ಮೇಲೊಂದು ಬಿದ್ದಿರುವ ವಾಕ್ಯ. ಕಲ್ಪಿತವಾದರೂ ಇದರ ಅಣ್ಣತಮ್ಮಂದಿರನ್ನು ಯಾವ ಸೂಚನಾ ಫಲಕದಲ್ಲಾದರೂ ಕಾಣಬಹುದು:

"ಕಳೆದ ವರ್ಷ ಅರ್ಜಿ ಸಲ್ಲಿಸಿದ ರೈತರ ಮಕ್ಕಳು ಮತ್ತು ವಿಧವೆಯರು ಸೋಮವಾರ ಪಡೆದ ಚೀಟಿಯೊಂದಿಗೆ ಕಚೇರಿಗೆ ಬರಬೇಕು."

ಗೆರೆ ಎಳೆಯಬೇಕಾದವು "ಸಲ್ಲಿಸಿದ" ಮತ್ತು "ಪಡೆದ". "ಪಡೆದ" ಎಂಬುದರ ಎಡಗಡೆ ನೋಡಿ: "ಸೋಮವಾರ" ಒಳಗಿದ್ದರೆ ಚೀಟಿ ಸಿಕ್ಕಿದ್ದು ಸೋಮವಾರ; ಹೊರಗಿದ್ದರೆ ಬರಬೇಕಾದದ್ದು ಸೋಮವಾರ. ಎರಡು ಅರ್ಥ.

"ಸಲ್ಲಿಸಿದ" ಎಂಬುದರ ಬಲಗಡೆ ಇನ್ನೂ ಕಠಿಣ. ಅಲ್ಲಿ ರೈತರು, ಮಕ್ಕಳು, ವಿಧವೆಯರು ಮೂರು ಗುಂಪುಗಳಿವೆ. ಅರ್ಜಿ ಸಲ್ಲಿಸಿದ್ದು ರೈತರಾಗಿ, ಅವರ ಮಕ್ಕಳು ಬರಬೇಕಿರಬಹುದು, ವಿಧವೆಯರು ಬೇರೆ. ಅರ್ಜಿ ಮಕ್ಕಳದೇ ಆಗಿದ್ದು, ವಿಧವೆಯರಿಗೆ ಆ ಷರತ್ತು ಇಲ್ಲದಿರಬಹುದು. ಮಕ್ಕಳೂ ವಿಧವೆಯರೂ ಇಬ್ಬರೂ ಅರ್ಜಿ ಸಲ್ಲಿಸಿರಬೇಕಿರಬಹುದು. ಇನ್ನು "ರೈತರ" ಎಂಬುದು ವಿಧವೆಯರಿಗೂ ಚಾಚಿಕೊಂಡು ರೈತರ ಮಕ್ಕಳು, ರೈತರ ವಿಧವೆಯರು ಎಂದಾದರೆ, ಅರ್ಜಿ ಆ ರೈತರದ್ದೋ ಬರಬೇಕಾದ ಕುಟುಂಬದವರದ್ದೋ ಎಂಬಲ್ಲಿ ಮತ್ತೆರಡು. ಒಟ್ಟು ಐದು. ಇದು ಕಾಕತಾಳೀಯವಲ್ಲ: ಸಾಲಾಗಿ ನಿಂತ ಮೂರು ತುಂಡುಗಳನ್ನು ಎರಡೆರಡಾಗಿ ಕೂಡಿಸುತ್ತಾ ಹೋಗಲು 2 ದಾರಿ, ನಾಲ್ಕಕ್ಕೆ 5, ಐದಕ್ಕೆ 14. ಒಂದೇ ಒಂದು ವಿಶೇಷಣ ಸೇರಿಸಿದರೆ ಅರ್ಥಗಳು ಎಷ್ಟು ಬೇಗ ಹೆಚ್ಚುತ್ತವೆ ನೋಡಿ. ಸೋಮವಾರದ ಎರಡರೊಂದಿಗೆ ಗುಣಿಸಿದರೆ ಈ ಪ್ರಕಟಣೆಗೆ 10 ಅರ್ಥ, ಹತ್ತೂ ನಂಬುವಂಥವೇ.

ಇದರಲ್ಲಿ ಮುಖ್ಯ ಅಪರಾಧಿ "ಮತ್ತು". ಅದು ನಡುವೆ ನಿಲ್ಲುತ್ತದೆಯೇ ಹೊರತು ಯಾವುದರಿಂದ ಯಾವುದರವರೆಗೆ ಜೋಡಿಸುತ್ತಿದ್ದೇನೆ ಎಂದು ಹೇಳುವುದಿಲ್ಲ. ಕನ್ನಡದ ಹಳೆಯ ಉಪಾಯ ಪ್ರತಿ ತುಂಡಿನ ಕೊನೆಗೂ "ಊ" ಹಚ್ಚುವುದು. "ರಮೇಶ ಮತ್ತು ಸುಮಾಳ ತಂದೆ ಬಂದರು" ಎಂಬುದರಲ್ಲಿ ಬಂದವರು ಒಬ್ಬರೋ ಇಬ್ಬರೋ ತಿಳಿಯದು, ಗೌರವದ "ಬಂದರು" ಅದನ್ನು ಇನ್ನಷ್ಟು ಮಸುಕು ಮಾಡುತ್ತದೆ. "ರಮೇಶನೂ ಸುಮಾಳ ತಂದೆಯೂ ಬಂದರು" ಎಂದರೆ ಇಬ್ಬರು. "ರಮೇಶ, ಸುಮಾ ಇಬ್ಬರ ತಂದೆ ಬಂದರು" ಎಂದರೆ ಒಬ್ಬರು. ಪ್ರತ್ಯಯ ಎರಡು ಕಡೆ ಬಂದರೆ ವಿರಾಮಚಿಹ್ನೆಯ ಅಗತ್ಯ ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಅಮೆರಿಕದ ಮೇನ್ ರಾಜ್ಯದ ಒಂದು ಮೊಕದ್ದಮೆ ನೆನಪಿಗೆ ಬರುತ್ತದೆ. ಹೆಚ್ಚುವರಿ ಕೆಲಸದ ಕೂಲಿ ಯಾವ ಕೆಲಸಗಳಿಗೆ ಇಲ್ಲ ಎಂಬ ಪಟ್ಟಿಯ ಕೊನೆಯಲ್ಲಿ ಒಂದು ಅಲ್ಪವಿರಾಮ ಇರಲಿಲ್ಲ. ಹಾಗಾಗಿ ವಿತರಣೆ ಬೇರೆಯೇ ಒಂದು ಕೆಲಸವೋ, ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವುದೆಲ್ಲ ಸೇರಿ ಒಂದೇ ಕೆಲಸವೋ ಎಂದು ಹಾಲು ವಿತರಿಸುವ ಚಾಲಕರಿಗೂ ಅವರ ಕಂಪನಿಗೂ ವಾದವಾಯಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಪರ ನಿಂತಿತು, ಮುಂದಿನ ವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಕನ್ನಡದಲ್ಲಿ "ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವುದು" ಎಂದೋ "ಸಾಗಣೆಗೆ ಪ್ಯಾಕ್ ಮಾಡುವುದು, ವಿತರಿಸುವುದು" ಎಂದೋ ಬರೆಯಲೇಬೇಕಾಗುತ್ತಿತ್ತು.

ಪ್ರಕಟಣೆಗೆ ಮರಳೋಣ. ಕಚೇರಿಯವರ ಉದ್ದೇಶ ಇದು ಎಂದಿಟ್ಟುಕೊಳ್ಳಿ: ಅರ್ಜಿ ಮಕ್ಕಳದ್ದು, ವಿಧವೆಯರು ಎಲ್ಲರೂ ಬರಬೇಕು, ಅವರಿಗೆ ಅರ್ಜಿ ಬೇಕಿಲ್ಲ, ಬರಬೇಕಾದದ್ದು ಸೋಮವಾರ. ಮೊದಲು "ಸೋಮವಾರ"ವನ್ನು ವಾಕ್ಯದ ತಲೆಗೆ ತಂದು ಅದಕ್ಕೆ ಸೇರಿದ ಕ್ರಿಯೆಯ ಪಕ್ಕ ಕೂರಿಸಬೇಕು. ಆಮೇಲೆ "ಸಲ್ಲಿಸಿದ" ಎಂಬುದನ್ನು "ಸಲ್ಲಿಸಿದವರು" ಮಾಡಬೇಕು. "ಮತ್ತು" ತೆಗೆದು ಅಂಕಿ ಹಾಕಬೇಕು.

"ಸೋಮವಾರ ಕಚೇರಿಗೆ ಬರಬೇಕಾದವರು: (1) ರೈತರ ಮಕ್ಕಳಲ್ಲಿ ಕಳೆದ ವರ್ಷ ಅರ್ಜಿ ಸಲ್ಲಿಸಿದವರು, (2) ಎಲ್ಲ ವಿಧವೆಯರು, ಅರ್ಜಿ ಸಲ್ಲಿಸಿರದಿದ್ದರೂ. ಈ ಮೊದಲು ಪಡೆದ ಚೀಟಿಯನ್ನು ಇಬ್ಬಗೆಯವರೂ ತರಬೇಕು."

ತಿದ್ದಿದ ವಾಕ್ಯವನ್ನು ಮತ್ತೆ ಮೊದಲಿನಿಂದ ಪರೀಕ್ಷೆಗೆ ಒಡ್ಡಬೇಕು. ಹಾಗೆ ಮಾಡಿದಾಗಲೇ ಕೊನೆಯ ಸಾಲಿಗೆ "ಇಬ್ಬಗೆಯವರೂ" ಬೇಕಾಯಿತು; ಅದಿಲ್ಲದಿದ್ದರೆ ಚೀಟಿಯ ಷರತ್ತು ಎರಡನೆಯ ಗುಂಪಿಗೆ ಮಾತ್ರ ಎಂದು ಯಾರಾದರೂ ಓದಬಹುದಿತ್ತು.

ತಿದ್ದುವವರ ಮಿತಿ

ಈ ಎಲ್ಲ ದುರಸ್ತಿಗಳೂ ಉದ್ದೇಶಿತ ಅರ್ಥ ಯಾವುದೆಂದು ಗೊತ್ತಿದ್ದಾಗ ಮಾತ್ರ. ಹತ್ತರಲ್ಲಿ ಒಂದನ್ನು ನಾವೇ ಆರಿಸಿ ವಾಕ್ಯವನ್ನು ನುಣುಪು ಮಾಡಿದರೆ, ಮೊದಲು ಅನುಮಾನಕ್ಕಾದರೂ ಆಸ್ಪದವಿದ್ದ ಪ್ರಕಟಣೆ ಈಗ ಖಚಿತವಾಗಿ ತಪ್ಪಾಗಿರುವ ಸಂಭವವಿದೆ. ಆದೇಶ, ಕರಾರು, ಪರೀಕ್ಷೆಯ ಪ್ರಶ್ನೆಗಳಲ್ಲಿ ಇದು ಸಲ್ಲದು. ಬರೆದವರನ್ನು ಕೇಳಬೇಕು, ಅದೂ "ಇದು ಅಸ್ಪಷ್ಟವಾಗಿದೆ" ಎಂದಲ್ಲ. ಅವರಿಗೆ ಅದು ಅಸ್ಪಷ್ಟವಾಗಿ ಕಾಣುವುದಿಲ್ಲ. ಅಂಚಿನಲ್ಲಿ ಹೀಗೆ ಬರೆಯಿರಿ: "ಅರ್ಜಿ ಸಲ್ಲಿಸಿದ್ದು ಯಾರು: ರೈತರೋ, ಮಕ್ಕಳೋ, ಮಕ್ಕಳು ವಿಧವೆಯರು ಇಬ್ಬರೂವೋ? ವಿಧವೆಯರೆಂದರೆ ರೈತರ ವಿಧವೆಯರು ಮಾತ್ರವೋ? ಸೋಮವಾರ ಚೀಟಿ ಪಡೆದದ್ದೋ, ಬರಬೇಕಾದದ್ದೋ?" ಉತ್ತರ ಬರುವ ತನಕ ಮೂಲ ವಾಕ್ಯವನ್ನು ಮುಟ್ಟಬೇಡಿ.